ಬೆಲ್ಲದ ದರಪತ್ರ ಕಳಿಸುವ ಮುನ್ನ

ನೋಡಮ್ಮ, ಬೆಂಗಳೂರಿನ ಅಂಗಡಿಯವರಿಗೆ ಬರೆದ ಪತ್ರವನ್ನು ಕಳಿಸುವ ಮೊದಲು ನನಗೆ ತೋರಿಸಿದ್ದು ಒಳ್ಳೆಯದಾಯಿತು. ಅಕ್ಷರ ಚೆನ್ನಾಗಿದೆ, ವಿನಯವೂ ಇದೆ. ಆದರೆ ‘ಅಚ್ಚು ಬೆಲ್ಲ ಕೆ.ಜಿ.ಗೆ ರೂ. 64, ಪ್ಯಾಕಿಂಗ್ ಮತ್ತು ಸಾಗಣೆ ಸೇರಿ’ ಅಂತ ಬರೆದಿದ್ದೀಯಲ್ಲ, ಆ ಒಂದು ಸಾಲು ನಿಮ್ಮ ಸಂಘದ ಗಂಟನ್ನೇ ಕರಗಿಸಿಬಿಡುತ್ತದೆ. ಮಂಡ್ಯದ ಮಂಡಿಯಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದವನು ಹೇಳುತ್ತಿದ್ದೇನೆ, ಕೂತು ಕೇಳು.

ಆಲೆಮನೆಯಲ್ಲಿ ನಿಮಗೆ ಬೆಲ್ಲ ಕೆ.ಜಿ.ಗೆ 48 ರೂಪಾಯಿಗೆ ಸಿಗುತ್ತದೆ ಅಂದೆ. ಆದರೆ ಅಲ್ಲಿ ತೂಗಿದ 100 ಕೆ.ಜಿ. ಪೊಟ್ಟಣಕ್ಕೆ ಬರುವಷ್ಟರಲ್ಲಿ 100 ಆಗಿ ಉಳಿಯುವುದಿಲ್ಲ. ಬಿಸಿ ಆರಿದ ಮೇಲೆ ತೇವ ಇಳಿಯುತ್ತದೆ, ಅಚ್ಚಿನ ಮೂಲೆ ಮುರಿಯುತ್ತದೆ, ಪುಡಿ ಉದುರುತ್ತದೆ. ನಿಮ್ಮ ದಾಸ್ತಾನು ಪುಸ್ತಕದಲ್ಲೇ ನೂರಕ್ಕೆ ನಾಲ್ಕು ಕೆ.ಜಿ. ಕಳೆದಿದೆಯಲ್ಲ, ಅದನ್ನೇ ಹಿಡಿ. 4,800 ರೂಪಾಯಿಯನ್ನು 96ರಿಂದ ಭಾಗಿಸು, 50 ರೂಪಾಯಿ ಬಂತು. ಬೆಲ್ಲದ ನಿಜವಾದ ಅಸಲು ಅದು.

ಇನ್ನು ಒಂದು ಕೆ.ಜಿ. ಕವರು, ಚೀಟಿ, 20 ಕೆ.ಜಿ. ಹಿಡಿಯುವ ರಟ್ಟಿನ ಪೆಟ್ಟಿಗೆ, ಕಟ್ಟುವವರ ಕೂಲಿ, ಎಲ್ಲ ಸೇರಿ 7 ರೂಪಾಯಿ ಅಂತ ನೀನೇ ಬರೆದಿದ್ದೀಯ. ಸಂಘದ ಖರ್ಚಿಗೆ, ಉಳಿತಾಯಕ್ಕೆ 4 ಇಟ್ಟುಕೋ. ಅಲ್ಲಿಗೆ ನಿಮ್ಮ ಗೋದಾಮಿನ ಬಾಗಿಲಲ್ಲಿ 61 ರೂಪಾಯಿ.

ಎಡವುವುದು ಇಲ್ಲಿಂದ ಮುಂದೆ. ಸಣ್ಣ ಗೂಡ್ಸ್ ಗಾಡಿಯವನು ಬೆಂಗಳೂರಿಗೆ ಹೋಗಿಬರಲು, ಹಮಾಲಿ ಸೇರಿ, 4,200 ಕೇಳುತ್ತಾನೆ. ಅವನು ಎಣಿಸುವುದು ದಾರಿಯನ್ನು, ಕೆ.ಜಿ.ಯನ್ನಲ್ಲ. 600 ಕೆ.ಜಿ. ಹಾಕಿದರೆ ಕೆ.ಜಿ.ಗೆ 7 ಬೀಳುತ್ತದೆ, 300 ಹಾಕಿದರೆ 14. ಹಾಗಾಗಿ ಅಂಗಡಿ ಬಾಗಿಲಿಗೆ ಮುಟ್ಟಿಸಿದ ದರ ಒಮ್ಮೆ 68, ಇನ್ನೊಮ್ಮೆ 75. ನೀನು 64 ಅಂತ ಬರೆದು, ಅವರು ‘ಮೊದಲು 300 ಕೆ.ಜಿ. ಕಳಿಸಿ, ನೋಡೋಣ’ ಅಂದರೆ ಒಂದೇ ಲೋಡಿಗೆ 3,300 ರೂಪಾಯಿ ಖೋತಾ. ಚಿಲ್ಲರೆ ಅಂಗಡಿಯವರು ಮೊದಲ ಸಲ ಕಡಿಮೆಯೇ ತರಿಸುತ್ತಾರೆ, ಅದು ಅವರ ಜಾಣತನ. ತಪ್ಪೇನಲ್ಲ.

ಆದ್ದರಿಂದ ಆ ಸಾಲನ್ನು ಬಿಡಿಸಿ ಬರೆ: ‘ಒಂದು ಕೆ.ಜಿ. ಪೊಟ್ಟಣ, ನಿವ್ವಳ ತೂಕ, ಪ್ಯಾಕಿಂಗ್ ಸೇರಿ ನಮ್ಮ ಗೋದಾಮಿನಲ್ಲಿ ರೂ. 61. ನಿಮ್ಮ ಅಂಗಡಿಗೆ ತಲುಪಿಸಿದರೆ, 600 ಕೆ.ಜಿ. ಅಥವಾ ಹೆಚ್ಚಿನ ಲೋಡಿಗೆ ರೂ. 68, 300ರಿಂದ 599 ಕೆ.ಜಿ.ವರೆಗೆ ರೂ. 75. ಇಳಿಸಿಕೊಳ್ಳುವ ಕೂಲಿ ನಿಮ್ಮದು ಅಥವಾ ನಮ್ಮದು.’ ಕೊನೆಯದರಲ್ಲಿ ಒಂದನ್ನು ಹೊಡೆದುಹಾಕು. ಎರಡನ್ನೂ ಬಿಟ್ಟರೆ ಹಮಾಲಿಯ ಎದುರಲ್ಲೇ ಜಗಳ. ನಿವ್ವಳ ಅನ್ನುವ ಮಾತು ಇರಲೇಬೇಕು, ಇಲ್ಲದಿದ್ದರೆ ಪೆಟ್ಟಿಗೆಯ ತೂಕ ಯಾರ ಲೆಕ್ಕಕ್ಕೆ ಅನ್ನುವ ತಕರಾರು ಬರುತ್ತದೆ.

ತೆರಿಗೆಯ ಮಾತೇ ಪತ್ರದಲ್ಲಿಲ್ಲ. 2022ರ ಜುಲೈನಿಂದ, ಚೀಟಿ ಅಂಟಿಸಿ ಮೊದಲೇ ಕಟ್ಟಿದ ಬೆಲ್ಲದ ಪೊಟ್ಟಣಕ್ಕೆ ಶೇ. 5 ಜಿಎಸ್‌ಟಿ ಬಂತು, ಬಿಡಿಯಾಗಿ ಮಾರುವುದಕ್ಕೆ ಇಲ್ಲ. ನಿಮ್ಮ ಸಂಘ ಜಿಎಸ್‌ಟಿ ನೋಂದಣಿ ಮಾಡಿಸಿದೆ. ತಲುಪಿಸಿದ ದರವೆಂದರೆ ಸಾಗಣೆಯೂ ಬೆಲ್ಲದ ಬೆಲೆಯೊಳಗೇ ಸೇರುತ್ತದೆ, 68ರ ಮೇಲೆ 3 ರೂಪಾಯಿ 40 ಪೈಸೆ. ‘ತೆರಿಗೆ ಪ್ರತ್ಯೇಕ’ ಅಂತ ಬರೆಯದೆ ಹೋದರೆ, ನಿಮ್ಮ ಆ 4 ರೂಪಾಯಿ ಉಳಿತಾಯ ಬಹುಪಾಲು ಅಲ್ಲೇ ಹೋಯಿತು.

ದರಕ್ಕೆ ಗಡುವು ಹಾಕು. ಹಬ್ಬದ ಮುಂಚೆ ಮಂಡಿಯ ಧಾರಣೆ ಏರುತ್ತದೆ, ಅವರು ಹಳೇ ಪತ್ರ ಹಿಡಿದು ಆರ್ಡರ್ ಕೊಟ್ಟರೆ ನೀನು ಬಾಯಿ ಬಿಡುವ ಹಾಗಿಲ್ಲ. ತಾರೀಕು ನಮೂದಿಸಿ ‘ಹತ್ತು ದಿನ ಮಾತ್ರ’ ಅನ್ನು. ಹಣ ಎಷ್ಟು ದಿನದಲ್ಲಿ ಅನ್ನುವುದನ್ನೂ ಅಲ್ಲೇ ಬರೆ, ಫೋನಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ.

ಮಳೆಗಾಲದ ಲೋಡಾದರೆ ತೆಳು ಕವರಿನ ಆಸೆ ಬಿಡು. ಬೆಲ್ಲ ಗಾಳಿಯ ತೇವ ಎಳೆದುಕೊಂಡು ಬೆವರುತ್ತದೆ, ಪೆಟ್ಟಿಗೆಯ ತಳ ಅಂಟಂಟಾಗಿ ರಟ್ಟು ಕುಸಿಯುತ್ತದೆ. ದಪ್ಪ ಕವರಿಗೆ ಒಂದು ರೂಪಾಯಿ ಹೆಚ್ಚಾದರೆ ಆ ಒಂದನ್ನೂ ದರಕ್ಕೆ ಸೇರಿಸು. ಒಡೆದದ್ದು, ನೀರೊಡೆದದ್ದು ಕಂಡರೆ ಎರಡು ದಿನದೊಳಗೆ ಫೋಟೋ ಸಮೇತ ತಿಳಿಸಬೇಕು ಅಂತ ಒಂದು ಸಾಲು ಇರಲಿ.

ಕೊನೆಗೆ ಬಣ್ಣ. ನೀವು ಹೈಡ್ರೋಸ್ ಹಾಕಿಸುವುದಿಲ್ಲ, ಹಾಗಾಗಿ ನಿಮ್ಮ ಬೆಲ್ಲ ಪೇಟೆಯ ಹಳದಿ ಬೆಲ್ಲದ ಪಕ್ಕ ಕಂದಾಗಿಯೇ ಕಾಣುತ್ತದೆ. ಅದನ್ನು ಪತ್ರದಲ್ಲೇ ಹೇಳಿಬಿಡು, ಪಾಕದಿಂದ ಪಾಕಕ್ಕೆ ಬಣ್ಣ ತುಸು ಬದಲಾಗುತ್ತದೆ ಅನ್ನುವುದನ್ನೂ ಸೇರಿಸು. ಜೊತೆಗೆ ಒಂದು ಪೊಟ್ಟಣ ನಮೂನೆ ಕಳಿಸು, ಆರಿಸಿ ತೆಗೆದ ಚೆಂದದ ಅಚ್ಚಲ್ಲ, ರಾಶಿಯಲ್ಲಿ ಕೈಗೆ ಸಿಕ್ಕಿದ್ದು. ಅದೇ ಪಾಕದ ಇನ್ನೊಂದು ಪೊಟ್ಟಣಕ್ಕೆ ತಾರೀಕು ಬರೆದು ನಿಮ್ಮ ಬೀರುವಿನಲ್ಲಿಟ್ಟುಕೋ.