ಬಾಗಿಲಲ್ಲಿ ಬೆಳೆದ ಬಿಲ್ಲು

ಕ್ಯಾಶ್ ಆನ್ ಡೆಲಿವರಿ ಆರ್ಡರಿನಲ್ಲಿ ಕೊಡಬೇಕಾದ ಮೊತ್ತ ಮೂರು ಕಡೆ ದಾಖಲಾಗುತ್ತದೆ: ಗ್ರಾಹಕರ ಫೋನಿಗೆ ಬಂದ ಆರ್ಡರ್ ವಿವರದಲ್ಲಿ, ಪಾರ್ಸೆಲ್ಲಿಗೆ ಅಂಟಿಸಿದ ಚೀಟಿಯಲ್ಲಿ, ಡೆಲಿವರಿ ಹುಡುಗನ ಆ್ಯಪಿನಲ್ಲಿ. ಈ ಮೂರೂ ಒಂದೇ ಆಗಿರಬೇಕು. ಬಾಗಿಲಲ್ಲಿ ನಿಂತವರು ‘ಹ್ಯಾಂಡ್ಲಿಂಗ್ ಚಾರ್ಜ್’ ಎಂದು ಹೆಚ್ಚಿಗೆ ಕೇಳಿದಾಗ ಮೊದಲು ತಿಳಿಯಬೇಕಾದದ್ದು, ಮೊತ್ತ ಎಲ್ಲಿ ಬೆಳೆಯಿತು ಎಂಬುದು. ಪರಿಹಾರದ ದಾರಿ ಅದರ ಮೇಲೆಯೇ ನಿಂತಿದೆ.

ಈ ಬರಹಕ್ಕೆ ಆಧಾರವಾದ ಆರ್ಡರು ಒಂದು ಮಿಕ್ಸಿ ಜಾರಿನದು. ಜಾರಿನ ಬೆಲೆ 799 ರೂಪಾಯಿ, ಡೆಲಿವರಿಗೆ 40, ನಗದು ಪಾವತಿಯ ಶುಲ್ಕವೆಂದು 10, ಒಟ್ಟು 849. ಬಾಗಿಲಿಗೆ ಬಂದ ಹುಡುಗ ಹೇಳಿದ್ದು ಬೇರೆ: “ಅಮ್ಮಾ, ಹ್ಯಾಂಡ್ಲಿಂಗ್ ಚಾರ್ಜು ಸೇರಿ 899 ಆಗುತ್ತೆ.” ಮನೆಯ ಹಿರಿಯರು ಪಾರ್ಸೆಲ್ ತಿರುಗಿಸಿ ನೋಡಿದರು. “ಚೀಟಿ ಮೇಲೆ 849 ಅಂತಲೇ ಇದೆಯಲ್ಲಪ್ಪಾ, ನಿನ್ನ ಆ್ಯಪಲ್ಲಿ ಎಷ್ಟು ತೋರಿಸ್ತಿದೆ?” ಆ್ಯಪಿನಲ್ಲಿಯೂ 849 ಇತ್ತು. ಕೊಟ್ಟದ್ದೂ ಅಷ್ಟೇ.

ಆ ಪ್ರಶ್ನೆಗೆ ಅಷ್ಟು ಬಲ ಇರುವುದಕ್ಕೆ ಕಾರಣ ಲೆಕ್ಕ ಒಪ್ಪಿಸುವ ಕ್ರಮ. ದಿನದ ಕೆಲಸ ಮುಗಿಸಿದ ಡೆಲಿವರಿ ಹುಡುಗ ತನ್ನ ಆ್ಯಪು ತೋರಿಸಿದ ಮೊತ್ತವನ್ನು ಹಬ್ಬಿನಲ್ಲಿ ಕಟ್ಟಬೇಕು. ಕಡಿಮೆಯಾದರೆ ಹೊಣೆ ಅವನದೇ. ಅದರಾಚೆಗೆ ವಸೂಲಾದ 50 ರೂಪಾಯಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ; ಅದಕ್ಕೆ ರಸೀದಿಯೂ ಹುಟ್ಟುವುದಿಲ್ಲ. ಯುಪಿಐ ಮೂಲಕ ಕೊಡುವಾಗಲೂ ಇದೇ ಗುರುತು ಸಿಗುತ್ತದೆ. ಡೆಲಿವರಿ ಆ್ಯಪಿನಲ್ಲಿ ಮೂಡುವ ಕ್ಯೂಆರ್ ಕೋಡಿನಲ್ಲಿ ಸಾಮಾನ್ಯವಾಗಿ ಮೊತ್ತ ಮೊದಲೇ ತುಂಬಿರುತ್ತದೆ. ಮೊತ್ತವನ್ನು ಗ್ರಾಹಕರೇ ಒತ್ತಬೇಕಾಗಿ ಬಂದು, ಹಣ ಪಡೆಯುವವರ ಜಾಗದಲ್ಲಿ ಯಾವುದೋ ವ್ಯಕ್ತಿಯ ಹೆಸರು ಕಂಡರೆ ಅಲ್ಲಿಗೆ ನಿಲ್ಲಿಸಿ ವಿಚಾರಿಸಬೇಕು. ಡೆಲಿವರಿಗೆ ಒಟಿಪಿ ಕೇಳುವ ಕಡೆ ಮೊತ್ತ ಇತ್ಯರ್ಥವಾಗುವ ಮುನ್ನ ಅದನ್ನು ಹೇಳಬಾರದು. ಒಟಿಪಿ ಒತ್ತಿದೊಡನೆ ಪಾರ್ಸೆಲ್ ‘ತಲುಪಿದೆ’ ಎಂದು ದಾಖಲಾಗಿಬಿಡುತ್ತದೆ.

ಚೀಟಿಯಲ್ಲಿಯೇ ಮೊತ್ತ ಹೆಚ್ಚಾಗಿ ಬಂದಿದ್ದರೆ ಮಾತು ಬೇರೆ. ಇನ್‌ಸ್ಟಾಗ್ರಾಂ, ವಾಟ್ಸಾಪಿನಲ್ಲಿ ಸೀರೆ, ಒಡವೆ ಮಾರುವವರು ಮಾತಿನಲ್ಲಿ ಒಂದು ಬೆಲೆ ಹೇಳಿ, ಕೊರಿಯರ್‌ನವರ ಸಿಒಡಿ ಶುಲ್ಕವನ್ನು ಚೀಟಿಯಲ್ಲಿ ಸೇರಿಸುವುದುಂಟು. ಆಗ ಡೆಲಿವರಿ ಹುಡುಗನನ್ನು ಬೈಯುವುದು ಅನ್ಯಾಯ, ಏಕೆಂದರೆ ಚೀಟಿಯ ಮೊತ್ತ ಇಳಿಸುವ ಅಧಿಕಾರ ಅವನಿಗಿಲ್ಲ. ಚೀಟಿಯ ಫೋಟೊ ತೆಗೆದುಕೊಂಡು, ಮಾರಾಟಗಾರರಿಗೆ ಫೋನ್ ಮಾಡಿ, ಅವರು ಒಪ್ಪದಿದ್ದರೆ ಪಾರ್ಸೆಲ್ ತೆಗೆದುಕೊಳ್ಳದೆ ಹಿಂದಿರುಗಿಸುವುದೇ ಸರಿ. ಹಣ ಇನ್ನೂ ಕೈಯಲ್ಲೇ ಇರುವುದು ಈ ಪದ್ಧತಿಯ ದೊಡ್ಡ ಅನುಕೂಲ. ಆದರೆ ಪದೇ ಪದೇ ಹಿಂದಿರುಗಿಸಿದವರಿಗೆ ಕೆಲವು ಕಂಪನಿಗಳು ಕ್ಯಾಶ್ ಆನ್ ಡೆಲಿವರಿ ಸೌಲಭ್ಯವನ್ನೇ ನಿಲ್ಲಿಸುತ್ತವೆ. ಆದ್ದರಿಂದ ಹಿಂದಿರುಗಿಸಿದ ಕಾರಣವನ್ನು ಅವರ ಆ್ಯಪಿನಲ್ಲಿಯೇ ಬರೆದಿಡುವುದು ಒಳ್ಳೆಯದು.

ಮೂರನೆಯದು ಆರ್ಡರ್ ಮಾಡುವಾಗಲೇ ಸೇರಿದ ಶುಲ್ಕ. ಮೇಲಿನ ಲೆಕ್ಕದ 10 ರೂಪಾಯಿ ಅಂಥದ್ದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರಾಟಗಾರರು ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ, ಡೆಲಿವರಿ ಮತ್ತು ಹ್ಯಾಂಡ್ಲಿಂಗ್ ಶುಲ್ಕ, ತೆರಿಗೆಗಳ ವಿವರದೊಂದಿಗೆ ತೋರಿಸಬೇಕು. ಮೊದಲು ಕಡಿಮೆ ಬೆಲೆ ತೋರಿಸಿ ಕೊನೆಯ ಹಂತದಲ್ಲಿ ಶುಲ್ಕ ಬಯಲಿಗೆ ತರುವುದನ್ನು 2023ರ ನವೆಂಬರಿನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಗಳು ನಿಷೇಧಿಸಿವೆ. 2025ರ ಅಕ್ಟೋಬರಿನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ, ಕ್ಯಾಶ್ ಆನ್ ಡೆಲಿವರಿಗೆ ಹೆಚ್ಚುವರಿ ಶುಲ್ಕ ಹಾಕುವ ಬಗ್ಗೆ ದೂರುಗಳು ಬಂದಿದ್ದು ತನಿಖೆ ನಡೆದಿದೆ ಎಂದು ತಿಳಿಸಿದ್ದರು. ಶುಲ್ಕವನ್ನು ಮೊದಲೇ ಸ್ಪಷ್ಟವಾಗಿ ತೋರಿಸಿ ಒಪ್ಪಿಗೆ ಪಡೆದಿದ್ದರೆ ಬಾಗಿಲಲ್ಲಿ ಅದನ್ನು ನಿರಾಕರಿಸಲು ಆಧಾರ ಕಡಿಮೆ. ಸಣ್ಣ ಅಕ್ಷರದಲ್ಲಿ ಬಚ್ಚಿಟ್ಟಿದ್ದರೆ ದೂರು ಕೊಡಲು ಕಾರಣವಿದೆ.

ದೂರು ಮೊದಲು ಕಂಪನಿಗೆ, ಅದೂ ಆ್ಯಪಿನೊಳಗಿಂದಲೇ ಹೋಗಬೇಕು. ಗೂಗಲ್ಲಿನಲ್ಲಿ ಹುಡುಕಿ ಸಿಗುವ ‘ಕಸ್ಟಮರ್ ಕೇರ್’ ನಂಬರುಗಳಲ್ಲಿ ವಂಚಕರವೂ ಇರುತ್ತವೆ. ಕಂಪನಿಯಿಂದ ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆರ್ಡರ್ ವಿವರ, ಚೀಟಿಯ ಫೋಟೊ, ಹಣ ಕೊಟ್ಟ ದಾಖಲೆ ಕೈಯಲ್ಲಿರಬೇಕು. ಸಹಾಯವಾಣಿ ನ್ಯಾಯಾಲಯವಲ್ಲ, ದೂರನ್ನು ಕಂಪನಿಗೆ ದಾಟಿಸಿ ಉತ್ತರ ತರಿಸುತ್ತದೆ. ಅದರಿಂದಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ. ರಸೀದಿ ಇಲ್ಲದೆ ನಗದಾಗಿ ಕೊಟ್ಟ ಹೆಚ್ಚಿನ ಹಣಕ್ಕೆ ಮಾತ್ರ ಈ ಯಾವ ಕಡೆಯೂ ಪುರಾವೆ ಒದಗಿಸುವುದು ಕಷ್ಟ.