ಬೆಕ್ಕಿಗೆ ಗುಳಿಗಿ, ಔಷಧ ಕುಡಿಸೋದು ಹೆಂಗ? ಗುಳಿಗಿ ಹಿಂದ ನೀರು ಮರೀಬ್ಯಾಡ್ರಿ

ಕುಬಿಹಾಳದಂಥ ಊರಾಗ ಕಡ್ಲಿ, ಜ್ವಾಳದ ಚೀಲ ಇಟ್ಟ ಮನಿಗೆ ಬೆಕ್ಕು ಬೇಕೇ ಬೇಕು. ಅದಕ್ಕ ನೆಗಡಿ ಆಗಿ ಕಣ್ಣಾಗ ಪಿಸರು ಬಂದ್ರ, ಡಾಕ್ಟರು ಹೆಚ್ಚಾಗಿ ಡಾಕ್ಸಿಸೈಕ್ಲಿನ್ ಗುಳಿಗಿ ಬರೀತಾರ. ಈ ವಾರ ಅದನ್ನೇ ಉದಾಹರಣೆ ಆಗಿ ಇಟ್ಕೊಂಡು ಔಷಧ ಕೊಡೋ ರೀತಿ ನೋಡೋಣ.

ಮೊದಲು ತೂಕ

ಬೆಕ್ಕಿನ ಔಷಧದ ಪ್ರಮಾಣ ನಿಂತಿರೋದು ಅದರ ತೂಕದ ಮ್ಯಾಲೆ. ಬೆಕ್ಕನ್ನ ಎತ್ತಿಕೊಂಡು ತೂಕದ ಯಂತ್ರದ ಮ್ಯಾಲೆ ನಿಲ್ರಿ, ಆಮೇಲೆ ನೀವೊಬ್ಬರೇ ನಿಲ್ರಿ. ಮೊದಲು 61.2 ಕೆಜಿ, ಆಮೇಲೆ 58 ಕೆಜಿ ಬಂದ್ರ ಬೆಕ್ಕು 3.2 ಕೆಜಿ. ಈ ಅಂಕಿ ಪಶುವೈದ್ಯರಿಗೆ ಹೇಳಿ, ಎಷ್ಟು ತುಂಡು, ದಿನಕ್ಕ ಎಷ್ಟು ಸಲ ಅಂತ ಚೀಟಿಯಾಗ ಬರೆಸಿಕೊಳ್ರಿ.

ಮನಿಯೊಳಗಿನ ಪ್ಯಾರಾಸಿಟಮಾಲ್ (ಡೋಲೊ, ಕ್ರೋಸಿನ್) ಮಾತ್ರ ಕೊಡಲೇಬ್ಯಾಡ್ರಿ. ಬೆಕ್ಕಿನ ಲಿವರ್‌ಗೆ ಅದನ್ನ ಅರಗಿಸೋ ಶಕ್ತಿ ಭಾಳ ಕಡಿಮಿ, ಒಂದು ಗುಳಿಗಿಯೂ ಜೀವ ತೆಗೀಬಹುದು. ಅಪ್ಪಿತಪ್ಪಿ ತಿಂದಿದ್ರ, ಮುಖ ಬಾವು ಬರೋದು, ಒಸಡು ನೀಲಿ ಅಥವಾ ಕಂದು ಆಗೋದು ಕಾಣಬಹುದು. ಲಕ್ಷಣ ಕಾಣೋತನಕ ಕಾಯದೆ ತಕ್ಷಣ ಡಾಕ್ಟರ್ ಕಡೆ ಒಯ್ರಿ.

ಗುಳಿಗಿ ಕೊಡೋದು

1. ಹಳೇ ಟವೆಲ್‌ನಾಗ ಬೆಕ್ಕನ್ನ ಕತ್ತಿನ ತನಕ ಸುತ್ರಿ. ನಾಲ್ಕೂ ಕಾಲು ಒಳಗ ಇರಲಿ, ಉಸಿರು ಕಟ್ಟುವಷ್ಟು ಬಿಗಿ ಬ್ಯಾಡ. ಬೆನ್ನು ನಿಮ್ಮ ಹೊಟ್ಟಿ ಕಡೆ ಇದ್ರ ಹಿಂದಕ್ಕ ಸರಿಯಾಕ ಜಾಗ ಸಿಗಂಗಿಲ್ಲ.
2. ಎಡಗೈಯಿಂದ ಮೇಲಿನಿಂದ ತಲಿ ಹಿಡಿದು, ಹೆಬ್ಬೆರಳು ಮತ್ತು ನಡುಬೆರಳು ಎರಡೂ ಕೆನ್ನೆಯ ಮೂಲೆಯಲ್ಲಿ ಇಡ್ರಿ. ಮೂಗು ಮೇಲಕ್ಕ ಮಾಡಿದ್ರ ಕೆಳದವಡೆ ತಾನೇ ಸಡಿಲ ಆಗತದ.
3. ಬಲಗೈ ಬೆರಳಿಂದ ಕೆಳಗಿನ ಮುಂಚಿ ಹಲ್ಲು ಮೆಲ್ಲಕ ಒತ್ತಿ, ಗುಳಿಗಿಯನ್ನ ನಾಲಿಗಿಯ ಹಿಂಭಾಗದ ನಡುವಿಗೆ ಬಿಡ್ರಿ. ಮುಂದಕ್ಕ ಬಿದ್ರ ಉಗುಳೇ ಉಗುಳತದ.
4. ಬಾಯಿ ಮುಚ್ಚಿ ಗಂಟಲು ಸವರ್ರಿ. ಮೂಗು ನೆಕ್ಕಿಕೊಂಡ್ರ ನುಂಗಿದೆ ಅನ್ನೋ ಗುರುತು.

ಇಲ್ಲಿಗೆ ಮುಗೀತು ಅಂತ ಬಿಡಬ್ಯಾಡ್ರಿ. ಒಣ ಗುಳಿಗಿ ಬೆಕ್ಕಿನ ಅನ್ನನಾಳದಾಗ ನಿಮಿಷಗಟ್ಟಲೆ ಸಿಕ್ಕಿಕೊಂಡು ನಿಲ್ಲತದ. ಡಾಕ್ಸಿಸೈಕ್ಲಿನ್ ಹಾಂಗ ಕುಂತ್ರ ಒಳಗ ಸುಟ್ಟು ಹುಣ್ಣಾಗಿ, ಆಮೇಲೆ ನಾಳ ಕಿರಿದಾಗಬಹುದು. ಅದಕ್ಕ ಗುಳಿಗಿ ಹಿಂದನೇ ಸೂಜಿ ಇಲ್ಲದ ಸಿರಿಂಜ್‌ನಿಂದ 5–6 ಮಿಲಿ ನೀರು ಸ್ವಲ್ಪ ಸ್ವಲ್ಪ ಕುಡಿಸ್ರಿ. ಈ ಔಷಧದ ಜತಿಗೆ ಹಾಲು, ಮೊಸರು ಬ್ಯಾಡ. ಅವುಗಳ ಕ್ಯಾಲ್ಸಿಯಂ ಔಷಧ ಮೈಗೆ ಹತ್ತೋದನ್ನ ಕಡಿಮಿ ಮಾಡತದ.

ಕೊಟ್ಟ ಮೂರ್ನಾಲ್ಕು ದಿನದಿಂದ ಹತ್ತು-ಹದಿನೈದು ದಿನದೊಳಗ ಬೆಕ್ಕು ಊಟ ಬಿಟ್ರ, ಕತ್ತು ಚಾಚಿ ಚಾಚಿ ನುಂಗಿದ್ರ, ತಿಂದದ್ದು ಹಂಗೇ ಹೊರಗ ಬಂದ್ರ ಈ ಹುಣ್ಣಿನ ಸಂಶಯ ಪಡ್ರಿ.

ದ್ರವ ಔಷಧ

ಇಲ್ಲಿ ಹಿಡಿತ ಬ್ಯಾರೆ. ತಲಿ ಮೇಲಕ್ಕ ಎತ್ತಬ್ಯಾಡ್ರಿ, ಎತ್ತಿದ್ರ ಔಷಧ ಶ್ವಾಸನಾಳಕ್ಕ ಹೋಗಿ ನ್ಯುಮೋನಿಯಾ ಆಗಬಹುದು. ಮೂಗು ನೆಲಕ್ಕ ಸಮ ಇರಲಿ. ಕೋರೆಹಲ್ಲಿನ ಹಿಂದಿನ ಸಂದಿಯಿಂದ ಸಿರಿಂಜ್ ತುದಿ ಕೆನ್ನೆಯೊಳಗ ಇಟ್ಟು ಸುಮಾರು ಅರ್ಧ ಮಿಲಿ ಬಿಡ್ರಿ, ನುಂಗಿದ್ದನ್ನ ನೋಡಿ ಮುಂದಿನ ಅರ್ಧ. 2 ಮಿಲಿ ಅಂದ್ರ ನಾಲ್ಕು ಸಲ. ಕೆಮ್ಮಿದ್ರ ನಿಲ್ಲಿಸಿ, ತಲಿ ಕೆಳಗ ಬಿಡ್ರಿ. ಕಹಿ ಔಷಧಕ್ಕ ಬಾಯಾಗ ನೊರೆ ಬರೋದು ಸಾಮಾನ್ಯ, ವಿಷ ಏರಿತು ಅಂತ ಹೆದರಬ್ಯಾಡ್ರಿ.

ಒಪ್ಪದ ಬೆಕ್ಕಿಗೆ

ಹೊಟ್ಟಿ ಹಸಿದಾಗ ಮೂರು ಮೀನಿನ ತುಂಡು ಮಾಡ್ರಿ: ಮೊದಲನೇದು ಬರೀ ಮೀನು, ಎರಡನೇದರಾಗ ಗುಳಿಗಿ, ಮೂರನೇದು ಬರೀ ಮೀನು. ಆಸೆಗೆ ಎರಡನೇದನ್ನ ಗಬಕ್ಕನೆ ನುಂಗತದ. ಮೀನು ಇಲ್ಲದ ಮನಿಯಾಗ ಬೆಂದ ತತ್ತಿಯ ಹಳದಿ ನಡೀತದ. ಡಾಕ್ಟರನ್ನ ಕೇಳದೆ ಗುಳಿಗಿ ಪುಡಿ ಮಾಡಬ್ಯಾಡ್ರಿ, ಕಹಿ ಹೊರಗ ಬಂದು ಬೆಕ್ಕು ಆ ಊಟಾನೇ ಬಿಟ್ಟಬಿಡತದ.

ಎರಡು ಸಲ ಸೋತ್ರ ಅರ್ಧ ತಾಸು ಬಿಡ್ರಿ. ಬಾಯಿ ತೆರೆದು ಉಸಿರಾಡಿದ್ರ ಅಂದಿಗೆ ನಿಲ್ಲಿಸಿ ಡಾಕ್ಟರಿಗೆ ತಿಳಿಸ್ರಿ. ಅದೇ ಔಷಧದ ದ್ರವ ರೂಪ ಅಥವಾ ಬ್ಯಾರೆ ಇಂಜೆಕ್ಷನ್ ಅವರು ನೋಡತಾರ.

ಕಚ್ಚಿದ್ರ ಅಥವಾ ರಕ್ತ ಬರುವಂಗ ಪರಚಿದ್ರ, ಸಾಬೂನು ಹಚ್ಚಿ 15 ನಿಮಿಷ ಹರಿಯೋ ನೀರಾಗ ತೊಳೀರಿ. ಅವತ್ತೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕ ಹೋಗಿ ರೇಬೀಸ್ ಲಸಿಕೆ ಬಗ್ಗೆ ಕೇಳ್ರಿ.