ಅಡ್ವಾನ್ಸ್ ಹಣದಲ್ಲಿ ನಮ್ಮ ಪಾಲು ಎಷ್ಟು?

ದ್ವಿತೀಯ ಪಿಯುಸಿ ಮುಗಿದ ಮೇಲೆ ನಮ್ಮಲ್ಲಿ ಹಲವರು ಡಿಗ್ರಿಗಾಗಿ ಬೇರೆ ಊರಿಗೆ ಹೋಗುತ್ತೇವೆ. ಹಾಸ್ಟೆಲ್ ಸಿಗದಿದ್ದರೆ ನಾಲ್ಕು ಜನ ಸೇರಿ ಕಾಲೇಜಿನ ಹತ್ತಿರ ಮನೆ ಹಿಡಿಯುವುದು ರೂಢಿ. ಬಾಡಿಗೆ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಆದರೆ ಜಗಳ ಬರುವುದು ಹೆಚ್ಚಾಗಿ ಅಡ್ವಾನ್ಸ್ ಹಣದ ಮೇಲೆ, ಅದೂ ಒಬ್ಬ ಮಧ್ಯದಲ್ಲಿ ಮನೆ ಬಿಟ್ಟಾಗ. ನನ್ನ ಭಾಯ್‌ಜಾನ್ ಇದ್ದ ಮನೆಯಲ್ಲಿ ಇದೇ ಪ್ರಶ್ನೆ ಬಂತು. ಅದರ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕರಾರು ಪತ್ರ. ಹದಿನೆಂಟು ತುಂಬದವರು ಮಾಡಿದ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಆದ್ದರಿಂದ ನನ್ನಂಥ ಹದಿನೇಳರವರ ಪರವಾಗಿ ತಂದೆ ಅಥವಾ ದೊಡ್ಡವರೊಬ್ಬರು ಸಹಿ ಹಾಕಬೇಕು. ಅವಧಿಯನ್ನು ಸಾಮಾನ್ಯವಾಗಿ 11 ತಿಂಗಳು ಎಂದು ಬರೆಯುತ್ತಾರೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು, ಅದನ್ನು ತಪ್ಪಿಸಲು ಈ 11 ತಿಂಗಳು.

ಭಾಯ್‌ಜಾನ್ ಮನೆಯ ಬಾಡಿಗೆ ತಿಂಗಳಿಗೆ 11,000 ರೂಪಾಯಿ. ಅಡ್ವಾನ್ಸ್ ಐದು ತಿಂಗಳ ಬಾಡಿಗೆ, ಅಂದರೆ 55,000. ನಾಲ್ವರೂ ತಲಾ 13,750 ಹಾಕಿದರು. ಸಹಿ ಮಾತ್ರ ಭಾಯ್‌ಜಾನ್ ಒಬ್ಬರದೇ. ಕರಾರಿನಲ್ಲಿ ಎರಡು ಮುಖ್ಯ ಷರತ್ತುಗಳಿದ್ದವು: ಮನೆ ಬಿಡಲು ಒಂದು ತಿಂಗಳು ಮೊದಲು ನೋಟಿಸ್ ಕೊಡಬೇಕು, ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್‌ನಿಂದ ಹಿಡಿಯಲಾಗುವುದು.

ಐದು ತಿಂಗಳಾದ ಮೇಲೆ ಒಬ್ಬ ಸ್ನೇಹಿತ ಬೇರೆ ಊರಿನ ಕಾಲೇಜಿಗೆ ಹೊರಟ. ತನ್ನ 13,750 ಕೊಡಿ ಎಂದು ಮಾಲೀಕರನ್ನು ಕೇಳಿದಾಗ ಅವರು, "ಮನೆ ಖಾಲಿಯಾದಾಗ ಸಹಿ ಹಾಕಿದವರಿಗೆ ಕೊಡುತ್ತೇನೆ, ಒಬ್ಬೊಬ್ಬರಿಗೆ ಅಲ್ಲ" ಎಂದರು. ಅವರು ಹೇಳಿದ್ದು ಸರಿ. ಕರಾರಿನಲ್ಲಿ ಇರುವುದು ಒಂದು ಮನೆ, ಒಂದು ಅಡ್ವಾನ್ಸ್, ಒಬ್ಬ ಬಾಡಿಗೆದಾರ. ಪಾಲು ಎಂಬುದು ನಾಲ್ವರ ನಡುವಿನ ಮಾತು ಅಷ್ಟೆ. ಬಾಡಿಗೆ ಕಡಿಮೆ ಬಿದ್ದರೂ ಮಾಲೀಕರು ಕೇಳುವುದು ಭಾಯ್‌ಜಾನ್‌ರನ್ನೇ. ಒಂದು ವೇಳೆ ನಾಲ್ವರೂ ಸೇರಿ ಸಹಿ ಹಾಕಿದ್ದರೆ ಪೂರ್ತಿ ಬಾಡಿಗೆಯನ್ನು ಯಾರೊಬ್ಬರಿಂದ ಬೇಕಾದರೂ ಕೇಳಬಹುದಿತ್ತು. ಕೊಟ್ಟವನು ಉಳಿದವರಿಂದ ಅವರವರ ಪಾಲು ವಸೂಲು ಮಾಡಿಕೊಳ್ಳಬೇಕು.

ಹಾಗಾಗಿ ಹೊಸದಾಗಿ ಬರುವವನು ಹೋಗುವವನಿಗೆ ಹಣ ಕೊಡಬೇಕು. ಎಷ್ಟು? ಎಲ್ಲರೂ 13,750 ಎಂದರು. ಇಲ್ಲೇ ತಪ್ಪಾಗುವುದು. ಕೊನೆಗೆ ಪೇಂಟಿಂಗ್‌ಗೆ 11,000 ಹೋಗುವುದು ಮೊದಲೇ ಗೊತ್ತಿದೆ. ತಲಾ 2,750, ಅಂದರೆ ಒಬ್ಬನಿಗೆ ತಿಂಗಳಿಗೆ 250. ಹೋಗುವವನು ಐದು ತಿಂಗಳು ಇದ್ದ. ಅವನ ಭಾರ 1,250. ಬರುವವನು ಆರು ತಿಂಗಳು ಇರುತ್ತಾನೆ. ಅವನ ಭಾರ 1,500. ಆದ್ದರಿಂದ ಹೊಸಬ ಕೊಡಬೇಕಾದ್ದು 13,750ರಲ್ಲಿ 1,250 ಕಳೆದು 12,500.

ಸರಿಯಾಗಿದೆಯೇ ನೋಡೋಣ. ವರ್ಷದ ಕೊನೆಗೆ ಮಾಲೀಕರು 44,000 ಹಿಂದಿರುಗಿಸಿದರೆ ತಲಾ 11,000. ಹೊಸಬ 12,500 ಕೊಟ್ಟು 11,000 ಪಡೆದ. ಕಳೆದುಕೊಂಡದ್ದು 1,500, ಅವನ ಆರು ತಿಂಗಳ ಪಾಲು. 13,750 ಕೊಟ್ಟಿದ್ದರೆ ಆರು ತಿಂಗಳಿದ್ದು ಹನ್ನೊಂದು ತಿಂಗಳ ಪೇಂಟಿಂಗ್ ಹಣ ಕಟ್ಟಿದಂತಾಗುತ್ತಿತ್ತು. ಕಾಮರ್ಸ್‌ನವರಿಗೆ ಇದು ಹೊಸದಲ್ಲ. ಪಾಲುದಾರನ ನಿವೃತ್ತಿಯ ಲೆಕ್ಕದಲ್ಲಿ, ಹೋಗುವವನು ಆ ದಿನದವರೆಗಿನ ಹೊಣೆಯಲ್ಲಿ ತನ್ನ ಪಾಲು ಬಿಟ್ಟೇ ಹೋಗುತ್ತಾನಲ್ಲವೇ? ಅದೇ ಇದು. ಕರೆಂಟ್ ಬಿಲ್ ಬಾಕಿಯಿದ್ದರೆ, ಕಿಟಕಿ ಗಾಜು ಒಡೆದಿದ್ದರೆ ಅದನ್ನೂ ಆ ದಿನವೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹೊಸಬ ಸಿಗದಿದ್ದರೆ? ಉಳಿದ ಮೂವರು ಆ 12,500 ಹೊಂದಿಸಬೇಕು, ಜೊತೆಗೆ ಬಾಡಿಗೆ ತಲಾ 2,750ರಿಂದ ಸುಮಾರು 3,667ಕ್ಕೆ ಏರುತ್ತದೆ. ಅದಕ್ಕೇ ಮಾಲೀಕರಿಗೆ ಕೊಡುವ ನೋಟಿಸ್ ಬೇರೆ, ಜೊತೆಯವರಿಗೆ ಕೊಡುವ ನೋಟಿಸ್ ಬೇರೆ. ಮನೆಗೆ ಹೋಗುವ ಮೊದಲೇ ನಾಲ್ವರೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾರು ಎಷ್ಟು ಹಾಕಿದರು, ಬಿಡುವವರು ಎಷ್ಟು ದಿನ ಮೊದಲು ಹೇಳಬೇಕು, ಹೊಸಬ ಸಿಗುವವರೆಗೆ ಬಾಡಿಗೆ ಪಾಲು ಯಾರದು, ಪೇಂಟಿಂಗ್ ಹಣ ತಿಂಗಳ ಲೆಕ್ಕದಲ್ಲಿ ಹಂಚುವುದು. ನಾಲ್ವರೂ ಸಹಿ ಹಾಕಿ ಫೋಟೊ ತೆಗೆದಿಟ್ಟುಕೊಳ್ಳಿ. ಅಡ್ವಾನ್ಸ್ ಪಾಲನ್ನು ಕೈಯಲ್ಲಿ ಕೊಡದೆ ಯುಪಿಐ ಮೂಲಕ ಕಳಿಸಿದರೆ ದಿನಾಂಕ, ಮೊತ್ತ ಎರಡೂ ಉಳಿಯುತ್ತವೆ.

ಕರಾರಿಗೆ ಸಹಿ ಹಾಕುವ ಮುನ್ನ ಪೇಂಟಿಂಗ್ ಷರತ್ತನ್ನು ಓದಿ. ಅಂಥ ಷರತ್ತು ಇಲ್ಲದಿದ್ದರೆ, ವಾಸದಿಂದ ಸಹಜವಾಗಿ ಆದ ಸವೆತಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆ ಹೇಳುತ್ತದೆ. ಇದ್ದರೆ, ಆ ಹಣ ನಿಮಗೆ ಮರಳಿ ಬರುವುದಿಲ್ಲವೆಂದು ಮೊದಲ ದಿನವೇ ಲೆಕ್ಕಕ್ಕೆ ಹಿಡಿಯಿರಿ.